ಟ್ಯೂನರ್ ಹಿಡಿದದ್ದು, ಡಿಸ್ಕಿಗೆ ಇಳಿದದ್ದು

2014ರ ಜುಲೈ 13ರ ರಾತ್ರಿ ಜರ್ಮನಿ ಮತ್ತು ಅರ್ಜೆಂಟೀನಾ ನಡುವೆ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆಯಿತು. ಪಂದ್ಯ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ. ಜರ್ಮನಿಯ ಮನೆಗಳಲ್ಲಿ ಅದು ‘ದಾಸ್ ಎರ್ಸ್ಟೆ’ ಎಂಬ ಸಾರ್ವಜನಿಕ ವಾಹಿನಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಆಟ ಶುರುವಾದಾಗ ಅಲ್ಲಿನ ಗಡಿಯಾರದಲ್ಲಿ ರಾತ್ರಿ 9 ಗಂಟೆ. ತೊಂಬತ್ತು ನಿಮಿಷದ ಆಟ, ನಡುವೆ ಕಾಲು ಗಂಟೆಯ ವಿರಾಮ. ಹಾಗಾಗಿ 9ರಿಂದ 11ರವರೆಗೆ ರೆಕಾರ್ಡ್ ಮಾಡು ಎಂದು ಟಿವಿಗೆ ಹೇಳಿ ಮಲಗಿದರೆ ಸಾಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ತೊಂಬತ್ತು ನಿಮಿಷ ಮುಗಿದಾಗ ಎರಡೂ ಕಡೆ ಸೊನ್ನೆ. ಹೆಚ್ಚುವರಿ ಆಟದ 113ನೇ ನಿಮಿಷದಲ್ಲಿ ಶುರ್ಲೆ ಕಳಿಸಿದ ಚೆಂಡನ್ನು ಮಾರಿಯೋ ಗೋಟ್ಸೆ ಎದೆಯ ಮೇಲೆ ತಡೆದು, ಎಡಗಾಲಿನಿಂದ ಬಲೆಗೆ ಒದ್ದಾಗ ಗಂಟೆ ಹನ್ನೊಂದು ದಾಟಿ ಇಪ್ಪತ್ತು ನಿಮಿಷಗಳಾಗಿದ್ದವು. 11ಕ್ಕೆ ನಿಲ್ಲುವ ರೆಕಾರ್ಡಿಂಗ್‌ನಲ್ಲಿ ಆ ಗೋಲು ಇರುವುದಿಲ್ಲ.

ಟಿವಿಯ ಹಿಂಬದಿಯಲ್ಲಿರುವ ಯುಎಸ್‌ಬಿ ಕಿಂಡಿಗೆ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವುದು, ನೇರಪ್ರಸಾರವನ್ನೇ ನಡುವೆ ನಿಲ್ಲಿಸಿ ಅಡುಗೆಮನೆಗೆ ಹೋಗಿ ಬಂದು ನಿಲ್ಲಿಸಿದಲ್ಲಿಂದ ನೋಡುವುದು ಜರ್ಮನಿಯಲ್ಲಿ ಹೊಸದಲ್ಲ. ಅಲ್ಲಿ ಮಾರಾಟವಾಗುವ ಟಿವಿಗಳೊಳಗೆ ಉಪಗ್ರಹ, ಕೇಬಲ್, ಆಂಟೆನಾ ಮೂರಕ್ಕೂ ಟ್ಯೂನರ್ ಇರುವುದು ಸಾಮಾನ್ಯ. ಚಾವಣಿಯ ಡಿಷ್‌ನಿಂದ ಬಂದ ವೈರು ನೇರವಾಗಿ ಟಿವಿಗೇ ಹೋಗುತ್ತದೆ. ನಡುವೆ ಪೆಟ್ಟಿಗೆ ಬೇಕಿಲ್ಲ. ಈ ಸೌಲಭ್ಯಕ್ಕೆ ಇರುವ ಮಿತಿಗಳೂ ಅದು ಕೈಕೊಡುವ ಬಗೆಗಳೂ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತವೆ. ಟಿವಿ ನಿಜವಾಗಿ ಡಿಸ್ಕಿಗೆ ಏನನ್ನು ಬರೆಯುತ್ತದೆ ಎಂಬುದು ತಿಳಿದರೆ ಅವೆಲ್ಲ ಒಂದೇ ಮೂಲದಿಂದ ಬಂದವು ಎಂದು ಗೊತ್ತಾಗುತ್ತದೆ.

ಪರದೆಯ ಮೇಲೆ ಕಾಣುವ ಚಿತ್ರವನ್ನು ಟಿವಿ ರೆಕಾರ್ಡ್ ಮಾಡುವುದಿಲ್ಲ. ಪ್ರಸಾರ ಕೇಂದ್ರದಲ್ಲೇ ಚಿತ್ರವನ್ನೂ ಧ್ವನಿಯನ್ನೂ ಬಿಗಿಯಾಗಿ ಕುಗ್ಗಿಸಿ, 188 ಬೈಟ್‌ಗಳ ಸಣ್ಣ ಸಣ್ಣ ತುಣುಕುಗಳಾಗಿ ಕಳಿಸುತ್ತಾರೆ. ಒಂದೇ ತರಂಗದಲ್ಲಿ ನಾಲ್ಕೈದು ಚಾನೆಲ್‌ಗಳ ತುಣುಕುಗಳು ಬೆರೆತು ಬರುತ್ತವೆ. ಪ್ರತಿ ತುಣುಕಿನ ತಲೆಯಲ್ಲಿ ಅದು ಯಾವುದರ ಪಾಲು ಎಂಬ ಸಂಖ್ಯೆ ಇರುತ್ತದೆ. ಟ್ಯೂನರ್ ಆ ತರಂಗವನ್ನು ಹಿಡಿದು, ಬೇಕಾದ ಸಂಖ್ಯೆಯ ತುಣುಕುಗಳನ್ನು ಮಾತ್ರ ಆರಿಸಿಕೊಡುತ್ತದೆ. ನೋಡುವಾಗ ಅವು ಡಿಕೋಡರ್‌ಗೆ ಹೋಗಿ ಚಿತ್ರವಾಗಿ ಬಿಚ್ಚಿಕೊಳ್ಳುತ್ತವೆ. ರೆಕಾರ್ಡ್ ಮಾಡುವಾಗ ಅದೇ ತುಣುಕುಗಳು, ಬಿಚ್ಚಿಕೊಳ್ಳುವ ಮೊದಲೇ, ಡಿಸ್ಕಿಗೆ ಇಳಿಯುತ್ತವೆ. ಕೊಳಾಯಿಯಿಂದ ಬೀಳುವ ನೀರನ್ನು ಕೊಡಕ್ಕೆ ಹಿಡಿದಿಟ್ಟಷ್ಟೇ ಕೆಲಸ. ರೆಕಾರ್ಡ್ ಆದದ್ದರ ಗುಣಮಟ್ಟ ನೇರಪ್ರಸಾರಕ್ಕಿಂತ ಕೂದಲೆಳೆಯಷ್ಟೂ ಕಡಿಮೆಯಾಗದಿರುವುದು ಇದೇ ಕಾರಣಕ್ಕೆ. ಎರಡನೇ ಧ್ವನಿ ಅಥವಾ ಅಡಿಬರಹದ ತುಣುಕುಗಳನ್ನೂ ಟಿವಿ ಜೊತೆಗೆ ಬರೆದುಕೊಂಡಿದ್ದರೆ ಅವೂ ಉಳಿಯುತ್ತವೆ.

ಎಷ್ಟು ಜಾಗ ಬೇಕು ಎಂಬ ಲೆಕ್ಕವೂ ಇದರಿಂದಲೇ ಸಿಗುತ್ತದೆ. ಒಂದು ಎಚ್‌ಡಿ ಚಾನೆಲ್ ಸೆಕೆಂಡಿಗೆ ಸರಾಸರಿ 10 ಮೆಗಾಬಿಟ್ ಕಳಿಸುತ್ತದೆ ಎಂದುಕೊಳ್ಳೋಣ. ಎಂಟು ಬಿಟ್‌ಗೆ ಒಂದು ಬೈಟ್. ಅಲ್ಲಿಗೆ ಸೆಕೆಂಡಿಗೆ 1.25 ಮೆಗಾಬೈಟ್, ಗಂಟೆಗೆ 4.5 ಗಿಗಾಬೈಟ್. ಆ ಫೈನಲ್ ಅನ್ನು ರಾತ್ರಿ 8:55ರಿಂದ 12:15ರವರೆಗೆ, ಅಂದರೆ ಹೆಚ್ಚುವರಿ ಆಟ, ಬೇಕಾದರೆ ಪೆನಾಲ್ಟಿ, ಕಪ್ ಎತ್ತುವ ಸಂಭ್ರಮ ಎಲ್ಲಕ್ಕೂ ಎಡೆ ಇರುವಂತೆ ಹಿಡಿದರೆ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ 15 ಗಿಗಾಬೈಟ್ ಬೇಕು. ಒಂದು ಟೆರಾಬೈಟ್‌ನ ಡಿಸ್ಕಿನಲ್ಲಿ ಇಂಥವು ಅರವತ್ತಕ್ಕೂ ಹೆಚ್ಚು ಹಿಡಿಸುತ್ತವೆ. ಹಳೆಯ ಎಸ್‌ಡಿ ಗುಣಮಟ್ಟದ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಕಳಿಸುತ್ತದೆ ಎಂದರೆ ಗಂಟೆಗೆ ಒಂದೂ ಮುಕ್ಕಾಲು ಗಿಗಾಬೈಟ್ ಕೂಡ ತುಂಬುವುದಿಲ್ಲ.

ಇನ್ನು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಕೇಬಲ್ಲಿನ ಅಥವಾ ಡಿಟಿಎಚ್‌ನ ಸೆಟ್‌ಟಾಪ್ ಬಾಕ್ಸ್ ಟಿವಿಗೆ ಜೋಡಿಸಿದೆ, ಟಿವಿಯ ರಿಮೋಟಿನಲ್ಲಿ ರೆಕಾರ್ಡ್ ಗುಂಡಿಯೂ ಇದೆ, ಪೆನ್‌ಡ್ರೈವ್ ಸಿಕ್ಕಿಸಿದ್ದೂ ಆಯಿತು. ಆದರೂ ಏಕೆ ಆಗುವುದಿಲ್ಲ? ಹಿಂದಿನ ವಿಸಿಆರ್ ಕಂಡವರಿಗೆ ಇದು ಅನ್ಯಾಯವೆಂದೇ ತೋರುತ್ತದೆ. ಅದು ಆಂಟೆನಾದಿಂದ ಬಂದದ್ದನ್ನೂ, ಇನ್ನೊಂದು ವಿಸಿಆರ್‌ನಿಂದ ಬಂದದ್ದನ್ನೂ ಒಂದೇ ಸಮನಾಗಿ ಟೇಪಿಗೆ ಇಳಿಸುತ್ತಿತ್ತು. ಆದರೆ ಸೆಟ್‌ಟಾಪ್ ಬಾಕ್ಸ್ ಇದ್ದಾಗ ತರಂಗ ಹಿಡಿಯುವ ಟ್ಯೂನರ್ ಆ ಬಾಕ್ಸ್‌ನೊಳಗಿನದು. ತುಣುಕುಗಳು ಅಲ್ಲೇ ಬಿಚ್ಚಿಕೊಂಡು, ಪೂರ್ತಿ ಚಿತ್ರವಾಗಿ ಎಚ್‌ಡಿಎಂಐ ವೈರಿನಲ್ಲಿ ಹರಿದುಬರುತ್ತವೆ. 1920 ಉದ್ದಸಾಲು, 1080 ಅಡ್ಡಸಾಲು, ಪ್ರತಿ ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 3000 ಮೆಗಾಬಿಟ್ ಆಗುತ್ತದೆ. ಪ್ರಸಾರದಲ್ಲಿ ಬಂದದ್ದರ ಮುನ್ನೂರು ಪಟ್ಟು! ಇದನ್ನು ಡಿಸ್ಕಿಗೆ ಬರೆಯಬೇಕಾದರೆ ಮತ್ತೆ ಕುಗ್ಗಿಸುವ ಯಂತ್ರ ಬೇಕು. ಟಿವಿಯಲ್ಲಿರುವುದು ಬಿಚ್ಚುವ ಯಂತ್ರ. ಅದರ ಮೇಲೆ ಎಚ್‌ಡಿಎಂಐಯಲ್ಲಿ ಹರಿಯುವ ಚಿತ್ರಕ್ಕೆ ನಕಲು ತಡೆಯುವ ಬೀಗವೂ ಇರುತ್ತದೆ. ಹೀಗಾಗಿ ಬಾಕ್ಸ್ ಇರುವ ಮನೆಯಲ್ಲಿ ಟಿವಿಯ ರೆಕಾರ್ಡ್ ಗುಂಡಿ ಕೆಟ್ಟಿಲ್ಲ, ಅದಕ್ಕೆ ಹಿಡಿದಿಡಲು ಏನೂ ಬರುತ್ತಿಲ್ಲ. ಅಂಥ ಮನೆಯಲ್ಲಿ ರೆಕಾರ್ಡ್ ಮಾಡುವ ಶಕ್ತಿ ಇರಬೇಕಾದದ್ದು ಬಾಕ್ಸ್‌ಗೆ.

ನೇರಪ್ರಸಾರವನ್ನು ನಿಲ್ಲಿಸುವ ಕೆಲಸ ಇನ್ನೂ ಸ್ವಾರಸ್ಯದ್ದು. ಪ್ರಸಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಪಾಸ್ ಗುಂಡಿ ಒತ್ತಿದಾಗ ನಿಲ್ಲುವುದು ಓದುವ ಕೆಲಸ ಮಾತ್ರ. ಬರೆಯುವ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಟಿವಿ ಡಿಸ್ಕಿನಲ್ಲಿ ಇದಕ್ಕಾಗಿ ಒಂದು ಜಾಗವನ್ನು ಮೊದಲೇ ಕಾದಿರಿಸಿಕೊಂಡು, ಬರುವ ತುಣುಕುಗಳನ್ನು ಅಲ್ಲಿ ಸಾಲಾಗಿ ಬರೆಯುತ್ತಾ ಹೋಗುತ್ತದೆ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬಂದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಪ್ಲೇ ಒತ್ತಿದರೆ ಓದು ಹತ್ತು ನಿಮಿಷ ಹಿಂದಿನಿಂದ ಶುರು, ಬರಹ ಹತ್ತು ನಿಮಿಷ ಮುಂದೆ ಸಾಗುತ್ತಿರುತ್ತದೆ. ನೋಡುಗರು ಇಡೀ ಪಂದ್ಯವನ್ನು ಹತ್ತು ನಿಮಿಷ ತಡವಾಗಿ ನೋಡುತ್ತಿರುತ್ತಾರೆ. ಜಾಹೀರಾತುಗಳನ್ನು ಓಡಿಸಿದರೆ ಆ ಅಂತರ ಕರಗಿ, ನೇರಪ್ರಸಾರವನ್ನು ಮತ್ತೆ ಹಿಡಿಯಬಹುದು.

ಆ ಜಾಗಕ್ಕೆ ಅಳತೆ ಇದೆ. ಬಹಳಷ್ಟು ಟಿವಿಗಳು ಒಂದೂವರೆ ಅಥವಾ ಎರಡು ಗಂಟೆಯಷ್ಟನ್ನು ಮಾತ್ರ ಹೀಗೆ ಹಿಡಿದಿಡುತ್ತವೆ. ಒಂದೂವರೆ ಗಂಟೆಯ ಜಾಗವಿರುವ ಟಿವಿಯಲ್ಲಿ ಪಾಸ್ ಒತ್ತಿ ಎರಡು ಗಂಟೆ ಪೇಟೆಗೆ ಹೋಗಿಬಂದರೆ ಮೊದಲ ಅರ್ಧ ಗಂಟೆ ಅಳಿಸಿಹೋಗಿರುತ್ತದೆ. ಕೆಲವು ಟಿವಿಗಳು ಮಿತಿ ಮುಟ್ಟಿದೊಡನೆ ತಾವೇ ಪ್ಲೇ ಶುರುಮಾಡಿಬಿಡುತ್ತವೆ. ಚಾನೆಲ್ ಬದಲಿಸಿದರೆ ಇಡೀ ಸಂಗ್ರಹ ಅಳಿಯುತ್ತದೆ, ಟಿವಿ ಆರಿಸಿದರೂ ಅಷ್ಟೇ. ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಲವು ಟಿವಿಗಳು ಚಾನೆಲ್ ಹಾಕಿದ ಕ್ಷಣದಿಂದಲೇ ಹಿನ್ನೆಲೆಯಲ್ಲಿ ಬರೆಯತೊಡಗುತ್ತವೆ, ಆದ್ದರಿಂದ ಪಾಸ್ ಒತ್ತದಿದ್ದರೂ ಆಗಷ್ಟೇ ಬಿದ್ದ ಗೋಲನ್ನು ಹಿಂದಕ್ಕೆ ತಿರುಗಿಸಿ ನೋಡಬಹುದು. ಮತ್ತೆ ಕೆಲವು ಪಾಸ್ ಒತ್ತಿದ ಮೇಲಷ್ಟೇ ಬರೆಯಲು ತೊಡಗುತ್ತವೆ. ಅವುಗಳಲ್ಲಿ ಅದಕ್ಕಿಂತ ಹಿಂದಿನದು ಸಿಗುವುದಿಲ್ಲ. ಹೊಸ ಟಿವಿಯಲ್ಲಿ ಇದು ಯಾವ ಬಗೆ ಎಂದು ತಿಳಿಯಲು ಐದು ನಿಮಿಷ ಒಂದು ಚಾನೆಲ್ ನೋಡಿ, ರಿವೈಂಡ್ ಒತ್ತಿದರೆ ಸಾಕು.

ಏಕಕಾಲದಲ್ಲಿ ಬರೆಯುವ, ಓದುವ ಈ ಕೆಲಸವೇ ಪೆನ್‌ಡ್ರೈವ್‌ಗಳನ್ನು ಸೋಲಿಸುವುದು. ಸೆಕೆಂಡಿಗೆ 1.25 ಮೆಗಾಬೈಟ್ ಎಂಬುದು ಯಾವ ಪೆನ್‌ಡ್ರೈವ್‌ಗೂ ಭಾರವಲ್ಲ, ಸರಾಸರಿ ಲೆಕ್ಕದಲ್ಲಿ. ಆದರೆ ಅಗ್ಗದ ಪೆನ್‌ಡ್ರೈವ್‌ಗಳು ಒಂದೇ ವೇಗದಲ್ಲಿ ಬರೆಯುವುದಿಲ್ಲ. ಹೊಸದನ್ನು ಬರೆಯುವ ಮೊದಲು ಹಳೆಯ ಜಾಗವನ್ನು ದೊಡ್ಡ ದೊಡ್ಡ ಹಾಳೆಗಳಾಗಿ ಅಳಿಸಬೇಕಾಗಿ, ನಡುನಡುವೆ ಅರ್ಧ ಸೆಕೆಂಡು, ಒಂದು ಸೆಕೆಂಡು ತಡವರಿಸುತ್ತವೆ. ಕಂಪ್ಯೂಟರಿನಿಂದ ಫೋಟೋ ನಕಲು ಮಾಡುವಾಗ ಅದು ಗೊತ್ತೇ ಆಗುವುದಿಲ್ಲ. ಪ್ರಸಾರ ಮಾತ್ರ ಕಾಯುವುದಿಲ್ಲ. ಟಿವಿಯೊಳಗಿನ ಸಣ್ಣ ನೆನಪು ತುಂಬಿಹೋಗಿ ತುಣುಕುಗಳು ಬಿದ್ದುಹೋಗುತ್ತವೆ. ಸ್ಯಾಮ್‌ಸಂಗ್‌ನ ಹಲವು ಟಿವಿಗಳು ಡಿಸ್ಕ್ ಸಿಕ್ಕಿಸಿದ ಕೂಡಲೇ ಅದರ ವೇಗವನ್ನು ಪರೀಕ್ಷಿಸಿ, ಸಾಲದಿದ್ದರೆ ತಿರಸ್ಕರಿಸುವುದು ಈ ಕಾರಣದಿಂದಲೇ.

ಸವೆತವೂ ಇದೆ. ಯಾವಾಗಲೂ ಹಿನ್ನೆಲೆಯಲ್ಲಿ ಬರೆಯುವ ಟಿವಿಯನ್ನು ದಿನಕ್ಕೆ ಐದು ಗಂಟೆ ನೋಡಿದರೆ ದಿನಕ್ಕೆ 22.5 ಗಿಗಾಬೈಟ್, ವರ್ಷಕ್ಕೆ 8000 ಗಿಗಾಬೈಟ್ ದಾಟುತ್ತದೆ. 16 ಗಿಗಾಬೈಟ್‌ನ ಪೆನ್‌ಡ್ರೈವ್ ಒಂದೇ ವರ್ಷದಲ್ಲಿ ತುದಿಯಿಂದ ತುದಿಗೆ ಐನೂರು ಸಲ ಅಳಿಸಿ ಬರೆದಂತಾಯಿತು. ಅಗ್ಗದ ಫ್ಲ್ಯಾಶ್ ನೆನಪು ತಾಳಿಕೊಳ್ಳುವುದು ಹೆಚ್ಚುಕಡಿಮೆ ಕೆಲವು ನೂರರಿಂದ ಸಾವಿರದವರೆಗಿನ ಇಂಥ ಸುತ್ತುಗಳನ್ನಷ್ಟೇ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್‌ಗೆ ಈ ತೊಂದರೆ ಇಲ್ಲ. ಹಾಗಾಗಿ ಲ್ಯಾಪ್‌ಟಾಪಿಗೆ ಬಳಸುವಂಥ, ಅಂಗೈಯಗಲದ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕೇ ಈ ಕೆಲಸಕ್ಕೆ ಹೊಂದುವುದು.

ಅದಕ್ಕೆ ಬೇಕಾದದ್ದು ಕರೆಂಟು. ಹಾರ್ಡ್‌ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದು ಆಂಪಿಯರ್‌ವರೆಗೂ ಎಳೆಯಬಹುದು. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು ಅದರ ಅರ್ಧ. ಆದ್ದರಿಂದಲೇ ಹಲವು ಟಿವಿಗಳ ಹಿಂದೆ ಎರಡು ಮೂರು ಕಿಂಡಿಗಳಿದ್ದರೂ ಒಂದರ ಪಕ್ಕದಲ್ಲಿ ಮಾತ್ರ HDD ಎಂದು ಅಚ್ಚಾಗಿರುತ್ತದೆ. ಡಿಸ್ಕನ್ನು ಸಿಕ್ಕಿಸಬೇಕಾದದ್ದು ಅಲ್ಲೇ. ಬೇರೆ ಕಿಂಡಿಗೆ ಹಾಕಿದಾಗ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದು, ಟಿವಿಯ ಪಟ್ಟಿಯಲ್ಲಿ ಅದು ಒಮ್ಮೆ ಕಾಣಿಸಿಕೊಂಡು ಮತ್ತೆ ಮಾಯವಾಗುತ್ತಿದ್ದರೆ ಕರೆಂಟು ಸಾಲುತ್ತಿಲ್ಲ ಎಂದರ್ಥ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅಥವಾ ಅಡಾಪ್ಟರ್ ಸಹಿತ ಬರುವ ದೊಡ್ಡ ಡಿಸ್ಕ್ ಇದಕ್ಕೆ ಪರಿಹಾರ.

ಮೊದಲ ಬಾರಿ ಸಿಕ್ಕಿಸಿದಾಗ ಟಿವಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಒಪ್ಪಿದರೆ ಅದರಲ್ಲಿದ್ದ ಮದುವೆ ಫೋಟೋ, ಕಚೇರಿಯ ಕಡತ ಎಲ್ಲವೂ ಹೋಗುತ್ತವೆ. ಹಾಗಾಗಿ ಖಾಲಿ ಡಿಸ್ಕನ್ನೇ ಇದಕ್ಕೆ ಮೀಸಲಿಡಬೇಕು. ಬಹುಪಾಲು ದೊಡ್ಡ ಕಂಪನಿಗಳ ಟಿವಿಗಳು ಕಂಪ್ಯೂಟರಿಗೆ ಅರ್ಥವಾಗದ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ, ರೆಕಾರ್ಡ್ ಆದದ್ದನ್ನು ತಮ್ಮೊಳಗಿನ ಗುಟ್ಟಿನ ಕೀಲಿಯಿಂದ ಮುಚ್ಚಿಡುತ್ತವೆ. ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು ಗುರುತು ಸಿಗದೆ, ಮತ್ತೆ ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಅಲ್ಲಿ ಹೂಂ ಎಂದವರ ಸಂಗ್ರಹ ಅಳಿದಂತೆಯೇ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಟಿವಿಗೆ ಹಾಕಿದರೂ ತೆರೆಯುವುದಿಲ್ಲ, ಏಕೆಂದರೆ ಕೀಲಿ ಪ್ರತಿ ಟಿವಿಗೂ ಬೇರೆ. ರಿಪೇರಿಯಲ್ಲಿ ಮುಖ್ಯ ಬೋರ್ಡ್ ಬದಲಾದರೂ ಹಳೆಯ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಕೈತಪ್ಪುತ್ತವೆ. ಮಗಳ ನೃತ್ಯ ದೂರದರ್ಶನದಲ್ಲಿ ಬಂತೆಂದು ಹೀಗೆ ಹಿಡಿದಿಟ್ಟು, ಅದು ಶಾಶ್ವತವಾಗಿ ಉಳಿಯಿತು ಎಂದು ನಂಬುವವರಿಗೆ ಅಂಗಡಿಯವರು ಈ ಸಂಗತಿಯನ್ನು ಮೊದಲೇ ಹೇಳಬೇಕು.

ಎಲ್ಲ ಟಿವಿಗಳೂ ಇಷ್ಟು ಬಿಗಿಯಲ್ಲ. ಟರ್ಕಿಯ ವೆಸ್ಟೆಲ್ ಕಾರ್ಖಾನೆ ಯುರೋಪಿನ ಹಲವು ಹೆಸರುಗಳಿಗೆ ತಯಾರಿಸಿಕೊಡುವ ಟಿವಿಗಳು ಸಾಮಾನ್ಯ FAT32 ಡಿಸ್ಕಿಗೇ ಬರೆಯುತ್ತವೆ. ಆ ವ್ಯವಸ್ಥೆಯಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ ಉದ್ದದ ಕಾರ್ಯಕ್ರಮವನ್ನು ಟಿವಿ ತುಂಡು ತುಂಡಾಗಿ ಬರೆಯುತ್ತದೆ. ನಮ್ಮ ಲೆಕ್ಕದ ಎಚ್‌ಡಿ ಚಾನೆಲ್‌ನಲ್ಲಿ ಒಂದು ತುಂಡಿಗೆ ಒಂದು ಗಂಟೆಯೂ ಹಿಡಿಸುವುದಿಲ್ಲ.

ಬೀಗ ಹಾಕುವುದು ಟಿವಿ ಕಂಪನಿಯಷ್ಟೇ ಅಲ್ಲ, ಚಾನೆಲ್ ಕೂಡ. ಜರ್ಮನಿಯ ಸಾರ್ವಜನಿಕ ವಾಹಿನಿಗಳು ಬೀಗವಿಲ್ಲದೆ ಬರುತ್ತವೆ; ಖಾಸಗಿ ವಾಹಿನಿಗಳ ಎಚ್‌ಡಿ ರೂಪಕ್ಕೆ ಎಚ್‌ಡಿ ಪ್ಲಸ್ ಎಂಬ ಚಂದಾ ಬೇಕು, ಅದರ ಕಾರ್ಡನ್ನು ಟಿವಿಯ ಸಿಐ ಪ್ಲಸ್ ಕಿಂಡಿಗೆ ಹಾಕಬೇಕು. ಈ ವ್ಯವಸ್ಥೆಯಲ್ಲಿ ಪ್ರಸಾರದ ಜೊತೆಗೇ ಟಿವಿಗೆ ಅಪ್ಪಣೆ ಬರುತ್ತದೆ: ಇದನ್ನು ನಕಲು ಮಾಡಬಹುದು, ಒಮ್ಮೆ ಮಾತ್ರ ಮಾಡಬಹುದು, ಮಾಡಲೇಕೂಡದು. ಮಾಡಲೇಕೂಡದು ಎಂದಾಗ ರೆಕಾರ್ಡ್ ಸಾಧ್ಯವಿಲ್ಲ, ಪಾಸ್ ಮಾತ್ರ ಮಾಡಬಹುದು. ಹಾಗೆ ಹಿಡಿದಿಟ್ಟದ್ದಕ್ಕೆ ಬೇರೆ ಸೂಚನೆ ಇಲ್ಲದಿದ್ದರೆ 90 ನಿಮಿಷದ ಆಯುಸ್ಸು. ಒಂದು ಚಾನೆಲ್ ರೆಕಾರ್ಡ್ ಆಗಿ ಪಕ್ಕದ್ದು ಆಗದಿದ್ದರೆ ಡಿಸ್ಕನ್ನು ಶಂಕಿಸುವ ಮೊದಲು ಈ ಅಪ್ಪಣೆಯನ್ನು ಶಂಕಿಸಬೇಕು.

ಒಂದನ್ನು ರೆಕಾರ್ಡ್ ಮಾಡುತ್ತಾ ಇನ್ನೊಂದನ್ನು ನೋಡಬಹುದೇ? ಒಂದೇ ಟ್ಯೂನರ್ ಇದ್ದರೆ ಸಾಮಾನ್ಯವಾಗಿ ಇಲ್ಲ, ಅದು ಒಂದು ಹೊತ್ತಿಗೆ ಒಂದೇ ತರಂಗ ಹಿಡಿಯಬಲ್ಲದು. ಆದರೆ ಒಂದು ತರಂಗದಲ್ಲಿ ಹಲವು ಚಾನೆಲ್‌ಗಳು ಬೆರೆತು ಬರುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಸ್ಟ್ರಾ ಉಪಗ್ರಹದಲ್ಲಿ ಜೆಡ್‌ಡಿಎಫ್‌ನ ಮುಖ್ಯ ಎಚ್‌ಡಿ ವಾಹಿನಿ ಮತ್ತು ಅದರ ಸೋದರ ವಾಹಿನಿಯಾದ ಜೆಡ್‌ಡಿಎಫ್ ನಿಯೋ ಒಂದೇ ತರಂಗದಲ್ಲಿ ಬರುತ್ತವೆ. ತಯಾರಕರು ಅವಕಾಶ ಕೊಟ್ಟಿದ್ದರೆ ಒಂದನ್ನು ಬರೆಯುತ್ತಾ ಇನ್ನೊಂದನ್ನು ನೋಡಬಹುದು. ಬೇರೆ ತರಂಗದ ಚಾನೆಲ್ ಬೇಕೆಂದರೆ ಎರಡು ಟ್ಯೂನರ್‌ಗಳ ಟಿವಿ ಬೇಕು. ಡಿಷ್ ಇರುವ ಮನೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಎರಡು ವೈರೂ ಬೇಕು, ಏಕೆಂದರೆ ತರಂಗದ ಅಡ್ಡ-ನೇರ ದಿಕ್ಕನ್ನು ಆರಿಸಲು ಟ್ಯೂನರ್ ಅದೇ ವೈರಿನಲ್ಲಿ ಡಿಷ್‌ನ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಒಂದು ವೈರು ಒಂದೇ ಹೊತ್ತಿಗೆ ಎರಡೂ ಅಪ್ಪಣೆ ಒಯ್ಯಲಾರದು.

ರೆಕಾರ್ಡ್ ಆದದ್ದು ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದರೆ ತಪ್ಪು ಎಲ್ಲಿದೆ ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ಅದೇ ಚಾನೆಲ್ಲನ್ನು ನೇರವಾಗಿ ಸ್ವಲ್ಪ ಹೊತ್ತು ನೋಡಬೇಕು. ಅಲ್ಲೂ ಒಡೆಯುತ್ತಿದ್ದರೆ ಡಿಷ್ ಸರಿದಿದೆ, ವೈರಿನ ಜೋಡಣೆಗೆ ನೀರು ಇಳಿದಿದೆ ಅಥವಾ ಜೋರು ಮಳೆ ತರಂಗವನ್ನು ನುಂಗುತ್ತಿದೆ. ನೇರಪ್ರಸಾರ ಶುಭ್ರವಾಗಿದ್ದು ರೆಕಾರ್ಡಿಂಗ್ ಮಾತ್ರ ಮುಗ್ಗರಿಸಿದರೆ ಡಿಸ್ಕ್ ಅಥವಾ ಅದರ ವೈರು ನಿಧಾನವಾಗಿದೆ. ಎರಡನೆಯ ಸಲ ಹಾಕಿ ನೋಡಿದಾಗ ಬೇರೆ ಬೇರೆ ಜಾಗದಲ್ಲಿ ತಡವರಿಸಿದರೆ ಓದುವಾಗಿನ ತೊಂದರೆ. ಪ್ರತಿ ಸಲವೂ ಅದೇ ಕ್ಷಣದಲ್ಲಿ ಒಡೆದರೆ ಬರೆಯುವಾಗಲೇ ತುಣುಕುಗಳು ಕಳೆದುಹೋಗಿವೆ.

ರೆಕಾರ್ಡಿಂಗ್ ಅರ್ಧಕ್ಕೆ ನಿಂತಿದ್ದರೆ ಹೆಚ್ಚಿನ ಸಲ ಕಾರಣ ಸಮಯ. ಪ್ರಸಾರದ ಜೊತೆ ಬರುವ ಕಾರ್ಯಕ್ರಮ ಪಟ್ಟಿಯಿಂದ ಆರಿಸಿದರೂ ಹಲವು ಟಿವಿಗಳು ಅದರಲ್ಲಿರುವ ಆರಂಭ, ಅಂತ್ಯದ ಗಂಟೆಯನ್ನಷ್ಟೇ ತೆಗೆದುಕೊಂಡು, ಆಮೇಲೆ ಪಟ್ಟಿ ಬದಲಾದರೂ ತಿರುಗಿ ನೋಡುವುದಿಲ್ಲ. ಧಾರಾವಾಹಿಗೆ ಮುಂಚೆ ಐದು ನಿಮಿಷ, ನಂತರ ಹತ್ತು ನಿಮಿಷ ಸೇರಿಸಿದರೆ ಸಾಕು. ನಾಕೌಟ್ ಫುಟ್‌ಬಾಲ್ ಪಂದ್ಯಕ್ಕೆ ಕೊನೆಯಲ್ಲಿ ಒಂದು ಗಂಟೆಯಾದರೂ ಸೇರಿಸಬೇಕು. ಡಿಸ್ಕಿನಲ್ಲಿ ಅದಕ್ಕೆ ತಗಲುವುದು ನಾಲ್ಕೂವರೆ ಗಿಗಾಬೈಟ್.

ಕರ್ನಾಟಕದಲ್ಲಿ ಇದೆಲ್ಲ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಜಾಗವಿದೆ: ಡಿಡಿ ಫ್ರೀ ಡಿಷ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಚಂದಾ ಇಲ್ಲ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುವ ಇದರಲ್ಲಿ ಡಿಡಿ ಚಂದನವೂ ಇದೆ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 18112 ಎಂಬ ಮಾನಕವನ್ನು ಹೊರತಂದಿತು. ಅಂಥ ಟಿವಿಗೆ ಡಿಷ್‌ನ ವೈರನ್ನು ನೇರವಾಗಿ ಜೋಡಿಸಿ, ಬೀಗವಿಲ್ಲದ ಚಾನೆಲ್‌ಗಳನ್ನು ಬಾಕ್ಸ್ ಇಲ್ಲದೆ ನೋಡಬಹುದು. ಟ್ಯೂನರ್ ಇದ್ದ ಮಾತ್ರಕ್ಕೆ ರೆಕಾರ್ಡ್ ಸೌಲಭ್ಯ ಇರಲೇಬೇಕೆಂದಿಲ್ಲ. ಅಂಗಡಿಯಲ್ಲಿ ನೋಡಬೇಕಾದದ್ದು ಮೂರು: ಡಿಷ್ ವೈರನ್ನು ತಿರುಗಿಸಿ ಕೂರಿಸುವ, ಮರೆಯಿರುವ ಕಿಂಡಿ ಹಿಂದೆ ಇದೆಯೇ, ಚಾನೆಲ್ ಹುಡುಕುವ ಮೆನುವಿನಲ್ಲಿ ಸ್ಯಾಟಲೈಟ್ ಎಂಬ ಆಯ್ಕೆ ಇದೆಯೇ, ಕೈಪಿಡಿಯಲ್ಲಿ ಯುಎಸ್‌ಬಿ ರೆಕಾರ್ಡಿಂಗ್ ಅಥವಾ ಟೈಮ್‌ಶಿಫ್ಟ್ ಎಂಬ ಅಧ್ಯಾಯ ಇದೆಯೇ. ಯುಎಸ್‌ಬಿ ಕಿಂಡಿ ಇದೆ ಎಂಬುದು ಪುರಾವೆಯಲ್ಲ. ಪೆನ್‌ಡ್ರೈವ್‌ನಿಂದ ಸಿನಿಮಾ ಓದಲು ಮಾತ್ರ ಇರುವ ಕಿಂಡಿಗಳೂ ಬೇಕಾದಷ್ಟಿವೆ.

ಕೊಂಡು ತಂದು ಜೋಡಿಸಿದ ಮೇಲೆ ನಮ್ಮ ಮನೆಗಳ ಒಂದು ರೂಢಿ ಇದಕ್ಕೆ ಅಡ್ಡ ಬರುತ್ತದೆ. ರಿಮೋಟಿನಿಂದ ಆರಿಸಿದ ಟಿವಿ ಅರೆನಿದ್ದೆಯಲ್ಲಿದ್ದು, ಹೊತ್ತಿಗೆ ಸರಿಯಾಗಿ ಪರದೆ ಬೆಳಗಿಸದೆಯೇ ಟ್ಯೂನರನ್ನೂ ಡಿಸ್ಕನ್ನೂ ಎಬ್ಬಿಸಿ ರೆಕಾರ್ಡ್ ಮಾಡಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆರಿಸಿಬಿಟ್ಟರೆ ಅದಕ್ಕೆ ಏಳಲು ಕರೆಂಟೇ ಇಲ್ಲ. ಬೆಳಿಗ್ಗೆ ಏಳಕ್ಕೆ ಚಂದನದ ಕಾರ್ಯಕ್ರಮವೊಂದಕ್ಕೆ ಸಮಯ ಇಟ್ಟಿದ್ದರೆ ಹಿಂದಿನ ರಾತ್ರಿ ಆ ಸ್ವಿಚ್ಚನ್ನು ಹಾಗೇ ಬಿಟ್ಟಿರಬೇಕು. ಆಗಾಗ ಕರೆಂಟು ಹೋಗುವ ಊರಾದರೆ ಟಿವಿ, ಅಡಾಪ್ಟರ್ ಇರುವ ಡಿಸ್ಕ್ ಎರಡನ್ನೂ ಯುಪಿಎಸ್‌ನ ಸಾಲಿಗೆ ಜೋಡಿಸಬೇಕು.